ಕೂತಿದ್ದು ಏಳುವ ಕ್ಷಣದ ನೋವು: ಬಾಲಮೂಳೆಯ ಒಂದು ಪ್ರಕರಣ

ರೋಗಿ 38 ವರ್ಷದ ಮಹಿಳೆ. ಲೆಕ್ಕಪತ್ರ ನೋಡುವ ಕೆಲಸ, ದಿನದ ಏಳೆಂಟು ಗಂಟೆ ಕುರ್ಚಿಯಲ್ಲೇ ಕಳೆಯುತ್ತದೆ. ಎತ್ತರಕ್ಕೆ ತಕ್ಕ ತೂಕವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲ. ಹನ್ನೊಂದು ವರ್ಷದ ಹಿಂದೆ ಸಹಜ ಹೆರಿಗೆಯಾಗಿದೆ, ಆಗ ಈ ಭಾಗದಲ್ಲಿ ತೊಂದರೆ ಆಗಿರಲಿಲ್ಲ. ನನ್ನಲ್ಲಿಗೆ ಬರುವ ಎಂಟು ತಿಂಗಳ ಮೊದಲು ಒದ್ದೆ ಮೆಟ್ಟಿಲಿನ ಮೇಲೆ ಕಾಲು ಜಾರಿ, ಮೆಟ್ಟಿಲಿನ ಅಂಚಿಗೆ ಪೃಷ್ಠ ಬಡಿಯುವಂತೆ ಕುಸಿದು ಕೂತಿದ್ದರು. ಮೊದಲ ಎರಡು ವಾರ ವಿಪರೀತ ನೋವಿತ್ತು. ಆಮೇಲೆ ಅರ್ಧದಷ್ಟು ಇಳಿಯಿತು, ಅಲ್ಲಿಗೇ ನಿಂತುಬಿಟ್ಟಿತು. "ಗಟ್ಟಿ ಜಾಗದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರೋಕೆ ಆಗ್ತಿಲ್ಲ ಡಾಕ್ಟ್ರೇ" ಎಂದರು. ಹೇಳುವಾಗಲೂ ಕುರ್ಚಿಯ ತುದಿಯಲ್ಲಿ, ಎಡ ಪೃಷ್ಠದ ಮೇಲೆ ಭಾರ ಹಾಕಿ ಓರೆಯಾಗಿ ಕೂತಿದ್ದರು.

ಅವರ ಕೈಯಲ್ಲಿದ್ದ ಕಡತ ದಪ್ಪಗಿತ್ತು. ಬಿದ್ದ ವಾರವೇ ತೆಗೆದ ಬಾಲಮೂಳೆಯ ಎಕ್ಸ್‌ರೇಯಲ್ಲಿ ಮುರಿತ ಇಲ್ಲ ಎಂದು ಬರೆದಿತ್ತು. ಮೂರು ತಿಂಗಳ ನಂತರ ಸೊಂಟದ ಎಂಆರ್‌ಐ ಆಗಿತ್ತು. ಅದರಲ್ಲಿ ನಾಲ್ಕು ಮತ್ತು ಐದನೇ ಕಶೇರುಕಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದಿತ್ತು. ಅಲ್ಲಿಂದ ಚಿಕಿತ್ಸೆಯೆಲ್ಲ ಆ ಡಿಸ್ಕಿನ ಬೆನ್ನು ಹತ್ತಿತು. ಸೊಂಟಕ್ಕೆ ಟ್ರಾಕ್ಷನ್, ಬೆನ್ನಿನ ವ್ಯಾಯಾಮ, ಸೊಂಟಪಟ್ಟಿ ಎಲ್ಲ ಆಗಿದ್ದವು. ಯಾವುದರಿಂದಲೂ ಕೂರುವ ಸಮಯ ಒಂದು ನಿಮಿಷವೂ ಹೆಚ್ಚಿರಲಿಲ್ಲ. ನಲವತ್ತರ ಆಸುಪಾಸಿನವರನ್ನು ಎಂಆರ್‌ಐಗೆ ಒಳಪಡಿಸಿದರೆ ನೋವೇ ಇಲ್ಲದ ಎಷ್ಟೋ ಜನರಲ್ಲಿ ಇಂಥ ಉಬ್ಬು ಕಾಣುತ್ತದೆ. ಚಿತ್ರದಲ್ಲಿ ಕಂಡದ್ದೂ ರೋಗಿ ತೋರಿಸುವ ಜಾಗವೂ ಒಂದಕ್ಕೊಂದು ಹೊಂದದಿದ್ದರೆ ನಾನು ರೋಗಿಯ ಬೆರಳನ್ನೇ ನಂಬುತ್ತೇನೆ. "ನೋವು ಎಲ್ಲಿದೆ, ಒಂದೇ ಬೆರಳಿನಲ್ಲಿ ತೋರಿಸಿ" ಎಂದಾಗ ಅವರ ಬೆರಳು ಸೊಂಟಕ್ಕೆ ಹೋಗಲಿಲ್ಲ. ಎರಡು ಪೃಷ್ಠಗಳ ನಡುವಿನ ಸೀಳಿನ ಮೇಲ್ತುದಿಯಿಂದ ಸ್ವಲ್ಪ ಕೆಳಗೆ, ಗುದದ್ವಾರಕ್ಕಿಂತ ತುಸು ಮೇಲೆ ನೆಟ್ಟಗೆ ನಿಂತಿತು. ಅದು ಬಾಲಮೂಳೆಯೇ.

ಮುಂದಿನ ಪ್ರಶ್ನೆಗಳನ್ನು ನಿಧಾನವಾಗಿ ಕೇಳಿದೆ, ಏಕೆಂದರೆ ಈ ಕಾಯಿಲೆಯಲ್ಲಿ ಅರ್ಧ ರೋಗನಿರ್ಣಯ ಆಗುವುದು ಮಾತಿನಲ್ಲೇ. ನಿಂತಾಗ ನೋವು? ಇಲ್ಲ. ನಡೆದಾಗ? ಇಲ್ಲ. ಮಗ್ಗುಲಾಗಿ ಮಲಗಿದಾಗ? ಇಲ್ಲ. ಕಾಲಿಗೆ ಜುಮುಗುಟ್ಟುವುದು, ಸೆಳೆಯುವುದು? ಇಲ್ಲ. ಮಲವಿಸರ್ಜನೆಗೆ ಮುಕ್ಕುವಾಗ? ಹೌದು, ಕೆಲವೊಮ್ಮೆ ಅರ್ಧ ಗಂಟೆ ಉಳಿಯುತ್ತದೆ. ಕೂತಿದ್ದು ಏಳುವಾಗ? ಇಲ್ಲಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. "ಅದೇ ಎಲ್ಲಕ್ಕಿಂತ ಕೆಟ್ಟದ್ದು. ಕೂತಿರೋವಾಗ ಒಂದು ಥರ ಒತ್ತೋ ನೋವು. ಏಳೋ ಕ್ಷಣಕ್ಕೆ ಚಾಕು ಹಾಕಿದ ಹಾಗೆ ಚುಳ್ ಅನ್ನುತ್ತೆ, ಎರಡು ಮೂರು ಸೆಕೆಂಡ್ ಟೇಬಲ್ ಹಿಡ್ಕೊಂಡು ನಿಂತ್ಕೋಬೇಕು. ಇದನ್ನ ಯಾರೂ ಕೇಳಿರಲಿಲ್ಲ" ಎಂದರು.

ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದರು, ಅದು ಅವರಿಗೆ ವಿಚಿತ್ರವಾಗಿ ಕಂಡಿತ್ತು. ಗಟ್ಟಿ ಬೆಂಚು ನೋಯಿಸುತ್ತದೆ, ಸರಿ. ಆದರೆ ಮೆತ್ತನೆಯ ಸೋಫಾ ಕೂಡ ನೋಯಿಸುತ್ತದೆ, ಕೆಲವು ಸಲ ಇನ್ನೂ ಹೆಚ್ಚು. ಅವರಿಗೆ ಅದನ್ನು ವಿವರಿಸಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ, ಚಿಕಿತ್ಸೆಯ ಮುಖ್ಯ ಭಾಗ ನಿಂತಿರುವುದು ಇದರ ಮೇಲೆಯೇ.

ನೆಟ್ಟಗೆ ಕೂತಾಗ ದೇಹದ ಭಾರವನ್ನು ಹೊರುವುದು ಎರಡೂ ಪೃಷ್ಠಗಳ ಕೆಳಗಿರುವ ಎರಡು ಗಟ್ಟಿ ಮೂಳೆಗಳು. ಅಂಗೈಯನ್ನು ಪೃಷ್ಠದ ಕೆಳಗಿಟ್ಟು ಗಟ್ಟಿ ಕುರ್ಚಿಯಲ್ಲಿ ಕೂತರೆ ಅವು ಕೈಗೆ ಸಿಗುತ್ತವೆ. ಬಾಲಮೂಳೆ ಇವೆರಡರ ಹಿಂದೆ, ಸ್ವಲ್ಪ ಮೇಲೆ ಇರುತ್ತದೆ. ಸೊಂಟ ಹಿಂದಕ್ಕೆ ಉರುಳಿದರೆ, ಅಂದರೆ ಬೆನ್ನು ಕುಗ್ಗಿಸಿ ಜಾರಿ ಕೂತರೆ, ಭಾರವೂ ಹಿಂದಕ್ಕೆ ಉರುಳುತ್ತದೆ. ಆಗ ಬಾಲಮೂಳೆ ಮೂರನೆಯ ಆಧಾರವಾಗಿಬಿಡುತ್ತದೆ. ಮೆತ್ತನೆಯ ಸೋಫಾದಲ್ಲಿ ಆ ಎರಡು ಮೂಳೆಗಳು ಹೂತುಹೋಗುತ್ತವೆ, ಸೊಂಟ ಹಿಂದಕ್ಕೆ ವಾಲುತ್ತದೆ, ಸುತ್ತಲಿನ ಫೋಮ್ ಮೇಲೆದ್ದು ಬಾಲಮೂಳೆಯನ್ನು ಕೆಳಗಿನಿಂದ ಒತ್ತುತ್ತದೆ. ಗಟ್ಟಿ ಬೆಂಚು ನೇರವಾಗಿ ಒತ್ತಿದರೆ ಸೋಫಾ ಸುತ್ತು ಬಳಸಿ ಒತ್ತುತ್ತದೆ, ವ್ಯತ್ಯಾಸ ಅಷ್ಟೇ. ಆದ್ದರಿಂದ "ಮೆತ್ತನೆಯ ಜಾಗದಲ್ಲಿ ಕೂರಿ" ಎಂಬ ಸಲಹೆ ಇವರ ಮಟ್ಟಿಗೆ ಪ್ರಯೋಜನಕ್ಕೆ ಬಂದಿರಲಿಲ್ಲ.

ಬಾಲಮೂಳೆ ಒಂದೇ ಮೂಳೆಯಲ್ಲ. ಸಾಮಾನ್ಯವಾಗಿ ನಾಲ್ಕು, ಕೆಲವರಲ್ಲಿ ಮೂರು ಅಥವಾ ಐದು ಸಣ್ಣ ತುಂಡುಗಳು ಒಂದರ ಕೆಳಗೊಂದು ಇರುತ್ತವೆ. ಕೆಲವು ಬೆಸೆದುಕೊಂಡಿರುತ್ತವೆ, ಕೆಲವುಗಳ ನಡುವೆ ಸಣ್ಣ ಕೀಲು ಉಳಿದಿರುತ್ತದೆ. ಕೂತಾಗ ಈ ಕೀಲು ಸ್ವಲ್ಪ ಬಾಗಿ ತುದಿ ಮುಂದಕ್ಕೆ ಸರಿಯುತ್ತದೆ, ಎದ್ದಾಗ ಮರಳುತ್ತದೆ. ಇದು ಸಹಜ. ಬಿದ್ದ ಪೆಟ್ಟಿಗೆ ಕೀಲಿನ ಕಟ್ಟುನಾರು ಸಡಿಲವಾದರೆ ಈ ಚಲನೆ ಮಿತಿ ಮೀರುತ್ತದೆ, ಅಥವಾ ತುಂಡೇ ಹಿಂದಕ್ಕೆ ಜಾರುತ್ತದೆ. ಏಳುವಾಗ ಸಡಿಲಗೊಂಡ ತುಂಡು ತನ್ನ ಜಾಗಕ್ಕೆ ಮರಳಬೇಕು. ಅದೇ ಹೊತ್ತಿಗೆ ಮೂಳೆಯ ಅಂಚಿಗೆ ಅಂಟಿಕೊಂಡ ಪೃಷ್ಠದ ದೊಡ್ಡ ಸ್ನಾಯು ಬಿಗಿದು ಎಳೆಯುತ್ತದೆ. ಏಳುವ ಕ್ಷಣದ ಚುಳುಕು ನನ್ನನ್ನು ಕೀಲಿನ ಕಡೆಗೆ ತಿರುಗಿಸಿದ್ದು ಇದಕ್ಕಾಗಿ.

ಆದರೆ ಅದಕ್ಕೂ ಮೊದಲು ಕೇಳಲೇಬೇಕಾದ ಬೇರೆ ಪ್ರಶ್ನೆಗಳಿದ್ದವು. ರಾತ್ರಿ ಮಲಗಿದಾಗಲೂ ಬಿಡದೆ ಕಾಡುವ ನೋವು, ಕಾರಣವಿಲ್ಲದೆ ಇಳಿದ ತೂಕ, ಜ್ವರ, ಮಲದಲ್ಲಿ ರಕ್ತ, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಕೂರುವ ಭಾಗದ ಚರ್ಮ ಮರಗಟ್ಟುವುದು, ಹಿಂದೆ ಎಲ್ಲಾದರೂ ಕ್ಯಾನ್ಸರ್ ಇದ್ದದ್ದು. ಅಪರೂಪಕ್ಕೆ ಬಾಲಮೂಳೆ ಅಥವಾ ಅದರ ಮೇಲಿನ ತ್ರಿಕಾಸ್ಥಿಯಲ್ಲಿ ಕಾರ್ಡೋಮಾ ಎಂಬ ಗೆಡ್ಡೆ ನಿಧಾನವಾಗಿ ಬೆಳೆಯುತ್ತದೆ. ಅದರ ನೋವು ಕೂರುವುದು ಏಳುವುದಕ್ಕೆ ಕಟ್ಟುಬೀಳದೆ ದಿನೇದಿನೇ ಏರುತ್ತ ಹೋಗುತ್ತದೆ. ಇವರಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಇದ್ದಿದ್ದರೆ ಕುಶನ್ನಿನ ಮಾತಿಗೆ ಮೊದಲೇ ಆ ಭಾಗದ ಎಂಆರ್‌ಐ ಆಗಬೇಕಿತ್ತು. ಸೊಂಟದ ಎಂಆರ್‌ಐ ಸಾಮಾನ್ಯವಾಗಿ ಬಾಲಮೂಳೆಯ ತುದಿಯವರೆಗೆ ಹೋಗುವುದಿಲ್ಲ. ಇವರ ಹಳೆಯ ಚಿತ್ರವೂ ತ್ರಿಕಾಸ್ಥಿಯ ನಡುವಿಗೇ ಮುಗಿದಿತ್ತು.

ಪರೀಕ್ಷೆಗೆ ಮಗ್ಗುಲಾಗಿ ಮಲಗಿಸಿದೆ. ಮೊದಲು ಚರ್ಮ ನೋಡಬೇಕು. ಸೀಳಿನಲ್ಲಿ ಸಣ್ಣ ರಂಧ್ರ, ಕೆಂಪು, ಕೀವು, ಒಳಗೆ ಕೂದಲು ಕಂಡರೆ ಅದು ಪೈಲೊನೈಡಲ್ ಸೈನಸ್. ಅಲ್ಲಿಯೂ ಕೂತರೆ ನೋವೇ, ಆದರೆ ದಾರಿ ಪೂರ್ತಿ ಬೇರೆ. ಇವರ ಚರ್ಮ ಸ್ವಚ್ಛವಾಗಿತ್ತು. ಹೊರಗಿನಿಂದ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಒತ್ತುತ್ತ ಬಂದಾಗ ತ್ರಿಕಾಸ್ಥಿಯ ಮೇಲೆ ಏನೂ ಆಗಲಿಲ್ಲ. ಬಾಲಮೂಳೆಯ ಮೊದಲ ಮತ್ತು ಎರಡನೇ ತುಂಡುಗಳ ಸಂಧಿಗೆ ಬಂದ ಕೂಡಲೇ "ಇದೇ, ಇದೇ" ಎಂದರು. ಪೃಷ್ಠದ ಕೆಳಗಿನ ಎರಡು ಮೂಳೆಗಳನ್ನು ಒತ್ತಿದರೆ ನೋವಿರಲಿಲ್ಲ. ಹಾಗಾಗಿ ಅಲ್ಲಿನ ಉರಿಯೂತವನ್ನು ಪಕ್ಕಕ್ಕಿಟ್ಟೆ.

ಮುಂದಿನ ಪರೀಕ್ಷೆಯನ್ನು ವಿವರಿಸಿ, ಒಪ್ಪಿಗೆ ಪಡೆದು, ಮಹಿಳಾ ಸಹಾಯಕಿಯೊಬ್ಬರನ್ನು ಜೊತೆಗಿರಿಸಿಕೊಂಡು ಮಾಡಿದೆ. ಗುದದ್ವಾರದೊಳಗೆ ತೋರುಬೆರಳು, ಹೊರಗೆ ಹೆಬ್ಬೆರಳು, ನಡುವೆ ಬಾಲಮೂಳೆ. ಹೀಗೆ ಹಿಡಿದು ಮೆಲ್ಲಗೆ ಅಲುಗಿಸಿದಾಗ ಅದೇ ಚುಳುಕು ಬಂತು. ಬೆರಳನ್ನು ಪಕ್ಕಕ್ಕೆ ಸರಿಸಿದಾಗ ಗುದದ ಎರಡೂ ಬದಿಯ ಶ್ರೋಣಿತಳದ ಸ್ನಾಯುಗಳು ಹಗ್ಗದಂತೆ ಬಿಗಿದಿದ್ದವು, ಒತ್ತಿದರೆ ನೋಯುತ್ತಿದ್ದವು. ಸಂಕೋಚದಿಂದ ಈ ಪರೀಕ್ಷೆಯನ್ನು ಬಿಟ್ಟುಬಿಡುವುದು ರೋಗಿಗೂ ಸುಲಭ, ವೈದ್ಯರಿಗೂ ಸುಲಭ. ಬಿಟ್ಟರೆ ಸ್ನಾಯುಗಳ ಈ ಬಿಗಿತ ಗೊತ್ತೇ ಆಗುವುದಿಲ್ಲ. ಇವರ ಎಂಟು ತಿಂಗಳಲ್ಲಿ ಯಾರೂ ಅದನ್ನು ಮಾಡಿರಲಿಲ್ಲ.

ನಂತರ ಎಕ್ಸ್‌ರೇ. ಹಳೆಯ ಚಿತ್ರವನ್ನು ಮಲಗಿಸಿ ತೆಗೆದಿದ್ದರು. ಮಲಗಿದಾಗ ನೋವೇ ಇಲ್ಲದವರಲ್ಲಿ ಮಲಗಿದ ಚಿತ್ರ ಸಹಜವಾಗಿ ಕಂಡರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಫ್ರಾನ್ಸಿನ ವೈದ್ಯ ಜಾನ್-ಈವ್ ಮೇನ್ 1990ರ ದಶಕದಲ್ಲಿ ಬಳಕೆಗೆ ತಂದ ಕ್ರಮ ಇಲ್ಲಿ ಕೆಲಸಕ್ಕೆ ಬರುತ್ತದೆ: ಪಕ್ಕದಿಂದ ಎರಡು ಚಿತ್ರ, ಒಂದು ನಿಂತು, ಇನ್ನೊಂದು ನೋವು ಬರುವ ಭಂಗಿಯಲ್ಲಿ ಕೂತು. ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ, ಬಾಲಮೂಳೆ ತನ್ನ ಸಹಜ ನೆಲೆಗೆ ಬರಲೆಂದು ಸುಮಾರು ಹತ್ತು ನಿಮಿಷ ನಿಂತೇ ಇರಲು ಹೇಳಿ ಮೊದಲ ಚಿತ್ರ ತೆಗೆಸಿದೆವು. ಆಮೇಲೆ ಗಟ್ಟಿ ಸ್ಟೂಲಿನ ಮೇಲೆ ಕೂರಿಸಿ, ನೋವು ಶುರುವಾಗುವವರೆಗೆ ಹಿಂದಕ್ಕೆ ವಾಲಿಸಿ ಎರಡನೆಯದು. ಎರಡನ್ನೂ ತ್ರಿಕಾಸ್ಥಿ ಹೊಂದುವಂತೆ ಒಂದರ ಮೇಲೊಂದು ಇಟ್ಟು ಅಳೆದಾಗ, ಕೂತಾಗ ಬಾಲಮೂಳೆ ಮುಂದಕ್ಕೆ 34 ಡಿಗ್ರಿ ಬಾಗುತ್ತಿತ್ತು. 25 ಡಿಗ್ರಿ ದಾಟಿದರೆ ಅತಿಚಲನೆ ಎನ್ನುತ್ತಾರೆ. ಬಾಗುತ್ತಿದ್ದ ಜಾಗವೂ ಬೆರಳು ತೋರಿಸಿದ್ದ ಸಂಧಿಯೂ ಒಂದೇ.

ಕಾರಣ ಎಲ್ಲರಲ್ಲೂ ಇದೇ ಆಗಿರುವುದಿಲ್ಲ. ತೂಕ ಹೆಚ್ಚಿರುವವರು ಕೂರುವಾಗ ಸೊಂಟ ಅಷ್ಟಾಗಿ ಉರುಳದೆ ಬಾಲಮೂಳೆ ನೆಟ್ಟಗೆ ಆಸನಕ್ಕೆ ತಗಲುತ್ತದೆ, ತುಂಡು ಹಿಂದಕ್ಕೆ ಜಾರುವುದು ಅವರಲ್ಲಿ ಹೆಚ್ಚು. ತೀರ ತೆಳ್ಳಗಿರುವವರಲ್ಲಿ, ಅಥವಾ ಬೇಗ ತೂಕ ಇಳಿಸಿದವರಲ್ಲಿ, ಮೂಳೆಯ ಮೇಲಿನ ಮೆತ್ತೆ ತೆಳುವಾಗಿರುತ್ತದೆ. ತುದಿಯಲ್ಲಿ ಮುಳ್ಳಿನಂಥ ಸಣ್ಣ ಮೂಳೆಚೂಪು ಇದ್ದರೆ ಅದು ಚರ್ಮವನ್ನು ಒಳಗಿನಿಂದ ಒತ್ತುತ್ತದೆ. ಹೆರಿಗೆಯಲ್ಲಿ ಮಗುವಿನ ತಲೆ ಹಾದುಹೋಗುವಾಗ ಕೀಲು ಹಿಗ್ಗಬಹುದು. ಸೈಕಲ್ ಸವಾರಿಯಂತೆ ಒಂದೇ ಜಾಗ ಮತ್ತೆ ಮತ್ತೆ ಉಜ್ಜುವ ಅಭ್ಯಾಸವೂ ಕಾರಣವಾಗುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಈ ನೋವು ಸುಮಾರು ಐದು ಪಟ್ಟು ಹೆಚ್ಚು. ಎಷ್ಟೋ ಜನರಲ್ಲಿ ಬಿದ್ದ ನೆನಪೇ ಇರುವುದಿಲ್ಲ, ಚಿತ್ರದಲ್ಲೂ ಏನೂ ಸಿಗುವುದಿಲ್ಲ. ಹಾಗೆಂದು ಅವರ ನೋವು ಕಲ್ಪನೆಯಲ್ಲ.

ಚಿಕಿತ್ಸೆಯಲ್ಲಿ ಮೊದಲ ಕೆಲಸ, ಆ ಕೀಲಿನ ಮೇಲಿನ ಭಾರ ತೆಗೆಯುವುದು. ಅವರು ಆಗಲೇ ನಡುವೆ ತೂತಿರುವ ದುಂಡನೆಯ ಕುಶನ್ ಬಳಸುತ್ತಿದ್ದರು. ಬಾಲಮೂಳೆ ಇರುವುದು ನಡುವಿನಲ್ಲಲ್ಲ, ಹಿಂದೆ. ದುಂಡನೆಯ ಕುಶನ್ನಿನ ಹಿಂಭಾಗದ ಸುತ್ತು ಸರಿಯಾಗಿ ಬಾಲಮೂಳೆಯ ಕೆಳಗೇ ಬರುತ್ತಿತ್ತು. ಅದನ್ನು ಬದಲಿಸಿ, ಹಿಂಭಾಗದ ಅಂಚು ಪೂರ್ತಿ ತೆರೆದಿರುವಂತೆ ಕತ್ತರಿಸಿದ, ಮುಂದಕ್ಕೆ ತುಸು ಇಳಿಜಾರಿರುವ ಗಟ್ಟಿ ಫೋಮಿನ ಕುಶನ್ ಕೊಟ್ಟೆವು. ಅದು ಸರಿಯಾಗಿದೆಯೇ ಎಂದು ನೋಡುವ ಬಗೆ ಸರಳ: ಗಟ್ಟಿ ಕುರ್ಚಿಯ ಮೇಲೆ ಹಾಕಿ ಕೂತು, ಹಿಂದಿನಿಂದ ಕುಶನ್ನಿನ ಆ ತೆರೆದ ಭಾಗದೊಳಗೆ ಕೈ ತೂರಿಸಬೇಕು. ಬೆರಳಿಗೆ ಬಾಲಮೂಳೆ ಸಿಗಬೇಕು, ಅದರ ಕೆಳಗೆ ಬರೀ ಗಾಳಿ ಇರಬೇಕು. ಬೆರಳು ಸಿಕ್ಕಿಹಾಕಿಕೊಂಡರೆ ಫೋಮ್ ಮೆತ್ತಗಿದೆ ಎಂದರ್ಥ. ಇವರ ಮೊದಲ ಕುಶನ್ ಹೀಗೇ ಒಂದು ವಾರದಲ್ಲಿ ಕುಸಿಯಿತು, ಇನ್ನೂ ಗಟ್ಟಿಯಾದುದನ್ನು ಹುಡುಕಬೇಕಾಯಿತು. ಕುಶನ್ ಇಟ್ಟ ಮೇಲೆ ಕೂರುವ ಎತ್ತರ ಏರಿ ಕಾಲು ತೇಲಾಡತೊಡಗಿತು. ಕಾಲು ತೇಲಿದರೆ ಮನುಷ್ಯ ಹಿಂದಕ್ಕೆ ಜಾರುತ್ತಾನೆ, ಮಾಡಿದ್ದೆಲ್ಲ ವ್ಯರ್ಥ. ಹಾಗಾಗಿ ಪಾದದ ಕೆಳಗೆ ಒಂದು ಮಣೆ ಸೇರಿಸಿದೆವು.

ಏಳುವ ರೀತಿಯನ್ನೂ ಬದಲಿಸಿದೆವು. ಮೊದಲು ಕುರ್ಚಿಯ ಮುಂಭಾಗಕ್ಕೆ ಸರಿಯಬೇಕು, ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ಎಳೆದುಕೊಳ್ಳಬೇಕು, ಎದೆಯನ್ನು ತೊಡೆಯ ಕಡೆಗೆ ಬಾಗಿಸಿ ಒಂದು ಉಸಿರು ಹಾಗೇ ಇರಬೇಕು, ಆಮೇಲೆ ಕಾಲಿನ ಬಲದಿಂದ ಏಳಬೇಕು. ಹೀಗೆ ಬಾಗಿದಾಗ ಏಳುವ ಮೊದಲೇ ಬಾಲಮೂಳೆಯ ಮೇಲಿನ ಒತ್ತಡ ಇಳಿದಿರುತ್ತದೆ, ಅದು ಮೆಲ್ಲಗೆ ಮರಳುತ್ತದೆ. ಆ ಚುಳುಕು ಮೊದಲ ದಿನವೇ ಕಡಿಮೆಯಾಯಿತು. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಎದ್ದು ನಿಲ್ಲಲು ಹೇಳಿದ್ದೆ, ನೋವು ಶುರುವಾದ ಮೇಲಲ್ಲ, ಶುರುವಾಗುವ ಮೊದಲೇ.

ಸ್ನಾಯುಗಳ ವಿಷಯದಲ್ಲಿ ಒಂದು ಅಡ್ಡಿ ಎದುರಾಯಿತು. ಯಾರೋ ಹೇಳಿದರೆಂದು ಅವರು ದಿನವೂ ಶ್ರೋಣಿತಳವನ್ನು ಬಿಗಿಹಿಡಿಯುವ ಕೀಗೆಲ್ ವ್ಯಾಯಾಮ ಮಾಡುತ್ತಿದ್ದರು. ಮೂತ್ರ ಸೋರುವವರಿಗೆ ಅದು ಒಳ್ಳೆಯದು. ಇವರ ಸ್ನಾಯುಗಳು ಬಿಗಿದೇ ಇದ್ದವು, ಅವು ಅಂಟಿಕೊಂಡಿರುವುದೂ ಬಾಲಮೂಳೆಗೇ. ಬಿಗಿದಷ್ಟೂ ಅದನ್ನು ಮುಂದಕ್ಕೆ ಎಳೆಯುತ್ತವೆ. ಅದನ್ನು ನಿಲ್ಲಿಸಿ ಸಡಿಲಿಸುವುದನ್ನು ಕಲಿಸಿದೆವು: ಮಂಡಿ ಮಡಚಿ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು, ಆ ಹೊತ್ತಿನಲ್ಲಿ ಮೂತ್ರ ಬಿಡುವಾಗಿನಂತೆ ಕೆಳಭಾಗವನ್ನು ಸಡಿಲ ಬಿಡುವುದು. ಬೆಳಿಗ್ಗೆ ಸಂಜೆ ಐದೈದು ನಿಮಿಷ. ಜೊತೆಗೆ ಬಾಲಾಸನ ಮತ್ತು ಪೃಷ್ಠದ ಸ್ನಾಯುಗಳನ್ನು ಹಿಗ್ಗಿಸುವ ಒಂದೆರಡು ಭಂಗಿ. ತರಬೇತಿ ಪಡೆದ ಮಹಿಳಾ ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆ ಒಳಗಿನಿಂದ ಆ ಸ್ನಾಯುಗಳನ್ನು ಒತ್ತಿ ಸಡಿಲಿಸಿದರು.

ಮಲಬದ್ಧತೆಯನ್ನು ಅವರು ಬೇರೆ ಕಾಯಿಲೆ ಎಂದುಕೊಂಡಿದ್ದರು. ಮುಕ್ಕಿದಾಗೆಲ್ಲ ಬಾಲಮೂಳೆ ಹಿಂದಕ್ಕೆ ತಳ್ಳಲ್ಪಡುತ್ತದೆ, ಸುತ್ತಲಿನ ಸ್ನಾಯುಗಳು ಹೆದರಿ ಬಿಗಿಯುತ್ತವೆ, ಮರುದಿನ ಇನ್ನೂ ಮುಕ್ಕಬೇಕಾಗುತ್ತದೆ. ನಾರಿನ ಆಹಾರ, ಸಾಕಷ್ಟು ನೀರು, ಮೂರು ವಾರ ಮಲ ಮೃದುವಾಗಿಸುವ ಲ್ಯಾಕ್ಟುಲೋಸ್, ಕಮೋಡಿನ ಮುಂದೆ ಕಾಲಿಡಲು ಕುಳ್ಳ ಸ್ಟೂಲು. ನೋವಿಗೆ ನ್ಯಾಪ್ರಾಕ್ಸೆನ್ ಅನ್ನು ಊಟದ ನಂತರ ಹತ್ತು ದಿನ ಮಾತ್ರ ಕೊಟ್ಟೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಗುಂಪಿನ ಮಾತ್ರೆ ಸಲ್ಲದು. ಇವರು ಮೊದಲು ಡೈಕ್ಲೋಫೆನಾಕನ್ನು ತಿಂಗಳುಗಟ್ಟಲೆ ತಾವಾಗಿಯೇ ತಿಂದು ಎದೆಯುರಿ ತಂದುಕೊಂಡಿದ್ದರು.

ಆರನೇ ವಾರಕ್ಕೆ ಗಟ್ಟಿ ಕುರ್ಚಿಯಲ್ಲಿ ಕುಶನ್ ಇಟ್ಟು ನಲವತ್ತು ನಿಮಿಷ ಕೂರುವಂತಾದರು. ಮಲವಿಸರ್ಜನೆಯ ನೋವು ಹೋಯಿತು. ಹತ್ತನೇ ವಾರದಲ್ಲಿ ಒಂದು ಹಿನ್ನಡೆಯಾಯಿತು. ಆರು ಗಂಟೆ ಕಾರಿನಲ್ಲಿ ಪ್ರಯಾಣ ಮಾಡಿದ್ದರು, ಕುಶನ್ ಜೊತೆಗೇ ಇತ್ತು. ಆದರೆ ಕಾರಿನ ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ, ಕುಶನ್ನೂ ಅದರೊಂದಿಗೆ ವಾಲಿತು, ಸೊಂಟ ಹಿಂದಕ್ಕೆ ಉರುಳಿತು. ಹಳೆಯ ಚುಳುಕು ಮರಳಿತು, ಎರಡು ವಾರ ಇಳಿಯಲಿಲ್ಲ. ಕಾರಿನಲ್ಲಿ ಆ ತಗ್ಗನ್ನು ಮೊದಲು ಮಡಚಿದ ಬಟ್ಟೆಯಿಂದ ತುಂಬಿಸಿ ಸಮ ಮಾಡಿ, ಅದರ ಮೇಲೆ ಕುಶನ್ ಇಡಬೇಕು.

ಆಗ ಚುಚ್ಚುಮದ್ದಿನ ಮಾತು ಬಂತು. ಎಕ್ಸ್‌ರೇ ಪರದೆಯಲ್ಲಿ ನೋಡುತ್ತ, ಅದೇ ಸಂಧಿಗೆ ಮರಗಟ್ಟಿಸುವ ಔಷಧ ಮತ್ತು ಸ್ಟೀರಾಯ್ಡ್ ಸೇರಿಸಿ ಕೊಟ್ಟೆವು. ಇದರಿಂದ ಎರಡು ಪ್ರಯೋಜನ. ಕೊಟ್ಟ ಸ್ವಲ್ಪ ಹೊತ್ತಿಗೆ ಗಟ್ಟಿ ಸ್ಟೂಲಿನ ಮೇಲೆ ಕೂರಿಸಿ ಏಳಿಸಿದಾಗ ನೋವು ಬರಲಿಲ್ಲ, ಅಂದರೆ ನೋವಿನ ಮೂಲ ಆ ಕೀಲೇ ಎಂದು ದೃಢವಾಯಿತು. ಸ್ಟೀರಾಯ್ಡಿನ ಕೆಲಸ ಕೆಲವು ದಿನಗಳ ನಂತರ ಶುರುವಾಗುತ್ತದೆ, ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಪದೇಪದೇ ಕೊಡುವಂಥದ್ದಲ್ಲ, ಅಲ್ಲಿನ ಚರ್ಮ ಮತ್ತು ಕೊಬ್ಬು ತೆಳುವಾಗಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ. ಇದಕ್ಕೂ ಬಗ್ಗದಿದ್ದರೆ ಬಾಲಮೂಳೆಯ ಮುಂಭಾಗದಲ್ಲಿರುವ ಗ್ಯಾಂಗ್ಲಿಯಾನ್ ಇಂಪಾರ್ ಎಂಬ ನರಗಂಟಿಗೆ ಮದ್ದು ಕೊಡುವ ದಾರಿಯಿದೆ.

"ಆ ಮೂಳೆ ತೆಗೆದೇಬಿಟ್ಟರೆ ಆಗಲ್ವಾ?" ಎಂದು ಅವರು ಎರಡು ಸಲ ಕೇಳಿದ್ದರು. ಬಾಲಮೂಳೆ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಇವರಂತೆ ಚಿತ್ರದಲ್ಲಿ ಅತಿಚಲನೆ ಸ್ಪಷ್ಟವಾಗಿ ಕಂಡವರಿಗೆ, ಏನೂ ಕಾಣದವರಿಗಿಂತ, ಅದರಿಂದ ಒಳ್ಳೆಯದಾಗುವ ಸಂಭವ ಹೆಚ್ಚು. ಆದರೆ ಗಾಯ ಗುದದ್ವಾರಕ್ಕೆ ಅತಿ ಹತ್ತಿರವಿರುತ್ತದೆ, ಸೋಂಕು ತಗಲುವ ಅಪಾಯ ಅದರಿಂದಲೇ. ಗಾಯ ವಾಸಿಯಾಗುವವರೆಗೆ ವಾರಗಟ್ಟಲೆ ನೆಟ್ಟಗೆ ಕೂರಲಾಗದು, ಪೂರ್ತಿ ಫಲ ಕಾಣಲು ತಿಂಗಳುಗಳು ಬೇಕು. ಉಳಿದ ಚಿಕಿತ್ಸೆಗಳನ್ನು ಸರಿಯಾಗಿ ಕನಿಷ್ಠ ಆರು ತಿಂಗಳು ಮಾಡಿ, ಚುಚ್ಚುಮದ್ದೂ ಸೋತ ಮೇಲೆ ಮಾತ್ರ ಅದರ ಮಾತು. ಬಹುಪಾಲು ಜನರಿಗೆ ಅದು ಬೇಕಾಗುವುದಿಲ್ಲ. ಇವರ ಮಟ್ಟಿಗೆ ಮೊದಲ ಎಂಟು ತಿಂಗಳನ್ನು ನಾನು ಆ ಲೆಕ್ಕಕ್ಕೆ ಸೇರಿಸಲಿಲ್ಲ, ಆಗ ಚಿಕಿತ್ಸೆ ನಡೆದದ್ದು ಬೇರೊಂದು ಜಾಗಕ್ಕೆ.

ಚುಚ್ಚುಮದ್ದಿನ ಐದು ತಿಂಗಳ ನಂತರ ನೋಡಿದಾಗ ಕುಶನ್ ಇದ್ದರೆ ಎರಡು ಗಂಟೆಯ ಸಭೆಯನ್ನೂ, ನಡುವೆ ಒಮ್ಮೆ ಎದ್ದು, ಮುಗಿಸುತ್ತಿದ್ದರು. ಬರೀ ಗಟ್ಟಿ ಬೆಂಚಿನಲ್ಲಿ ಅರ್ಧ ಗಂಟೆ ದಾಟಿದರೆ ಒತ್ತುವ ನೋವು ಬರುತ್ತಿತ್ತು, ಎದ್ದ ಕೆಲವು ನಿಮಿಷದಲ್ಲಿ ಹೋಗುತ್ತಿತ್ತು. ಚುಳುಕು ಮರಳಿರಲಿಲ್ಲ. ಸಡಿಲಗೊಂಡ ಕಟ್ಟುನಾರು ಮೊದಲಿನಷ್ಟು ಬಿಗಿಯಾಗುತ್ತದೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮತ್ತೆ ಚುಳುಕು ಶುರುವಾಗಿ ಆರು ವಾರದಲ್ಲಿ ಇಳಿಯದಿದ್ದರೆ ಇನ್ನೊಂದು ಚುಚ್ಚುಮದ್ದು, ಅದೂ ಉಳಿಯದಿದ್ದರೆ ಶಸ್ತ್ರಚಿಕಿತ್ಸಕರ ಅಭಿಪ್ರಾಯ ಎಂದು ಕಡತದಲ್ಲಿ ಬರೆದಿದ್ದೇವೆ.